ಅಧಿಸೂಚನೆಯ ವಯೋಮಿತಿ: ಯಾವ ದಿನಕ್ಕೆ ಲೆಕ್ಕ ಹಾಕಬೇಕು?

ನೌಕರಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ, ‘ಸರ್, ನಂಗೆ ಏಜ್ ಬಾರ್ ಆಯ್ತಾ?’ ಅನ್ನೋದು. ಯಾವ ದಿನಕ್ಕೆ ಲೆಕ್ಕ ಹಾಕಿದ್ರಿ ಅಂತ ಕೇಳಿದರೆ ಬಹಳ ಜನ ‘ಇವತ್ತಿಗೆ’ ಅನ್ನುತ್ತಾರೆ. ಅಧಿಸೂಚನೆಗೆ ನಿಮ್ಮ ಇವತ್ತಿನ ವಯಸ್ಸು ಬೇಕಾಗಿಲ್ಲ. ವಯೋಮಿತಿಯ ಪಕ್ಕದಲ್ಲೇ ‘ಇಂಥ ದಿನಾಂಕಕ್ಕೆ ಇದ್ದಂತೆ’ ಅಂತ ಒಂದು ದಿನ ಬರೆದಿರುತ್ತದೆ. ಆ ದಿನ ನಿಮಗೆ ಎಷ್ಟು ವರ್ಷ ಅನ್ನುವುದೇ ಲೆಕ್ಕ.

ಸ್ಟೇಟ್ ಬ್ಯಾಂಕ್‌ನ 2024ರ ಕ್ಲರ್ಕ್ ನೇಮಕಾತಿಯನ್ನೇ ನೋಡಿ. ಅರ್ಜಿ ಶುರುವಾಗಿದ್ದು 2024ರ ಡಿಸೆಂಬರ್ 17ಕ್ಕೆ, ಮುಗಿದದ್ದು 2025ರ ಜನವರಿ 7ಕ್ಕೆ. ವಯಸ್ಸು 20ರಿಂದ 28. ಆದರೆ ಲೆಕ್ಕದ ದಿನ 2024ರ ಏಪ್ರಿಲ್ 1. ಅಂದರೆ ಅರ್ಜಿ ಕರೆಯುವ ಹೊತ್ತಿಗೆ ಆ ದಿನ ಕಳೆದು ಎಂಟು ತಿಂಗಳು ದಾಟಿತ್ತು.

ಒಬ್ಬ ಹುಡುಗ 1996ರ ಸೆಪ್ಟೆಂಬರ್ 15ರಂದು ಹುಟ್ಟಿದವನು ಅಂದುಕೊಳ್ಳಿ. ಅರ್ಜಿ ಶುರುವಾದ ದಿನ ಅವನಿಗೆ 28 ತುಂಬಿ ಮೂರು ತಿಂಗಳಾಗಿದೆ. ‘ನಂದು ಮುಗೀತು’ ಅಂತ ಅವನು ಪುಟ ಮುಚ್ಚಿಬಿಡುತ್ತಾನೆ. ಆದರೆ ಏಪ್ರಿಲ್ 1ಕ್ಕೆ ಅವನಿಗೆ ಇನ್ನೂ 27 ವರ್ಷ 6 ತಿಂಗಳು. ಧಾರಾಳವಾಗಿ ಅರ್ಜಿ ಹಾಕಬಹುದು. ಇನ್ನೊಬ್ಬ ಹುಡುಗಿ 2004ರ ಮೇ 10ರಂದು ಹುಟ್ಟಿದವಳು. ಡಿಸೆಂಬರ್‌ನಲ್ಲಿ ಅವಳಿಗೆ 20 ತುಂಬಿ ಏಳು ತಿಂಗಳು. ಆದರೆ ಏಪ್ರಿಲ್ 1ಕ್ಕೆ 20 ತುಂಬಿರಲಿಲ್ಲ, ಹಾಗಾಗಿ ಅರ್ಹಳಲ್ಲ. ಇಬ್ಬರದ್ದೂ ಲೆಕ್ಕ ತಪ್ಪಿದ್ದು ಒಂದೇ ಕಡೆ. ಆದರೆ ನನಗೆ ಹೆಚ್ಚು ಸಂಕಟ ಆಗುವುದು ಆ ಹುಡುಗನಂಥವರನ್ನು ನೋಡಿದಾಗ. ಅರ್ಹತೆ ಇಲ್ಲದವರನ್ನು ಯಾವುದೋ ಹಂತದಲ್ಲಿ ತಡೆಯುತ್ತಾರೆ. ಅರ್ಹತೆ ಇದ್ದೂ ಅರ್ಜಿ ಹಾಕದವರನ್ನು ಕರೆದು ಹೇಳುವವರು ಯಾರೂ ಇಲ್ಲ.

ಇದೇ ಅಧಿಸೂಚನೆಯಲ್ಲಿ ಡಿಗ್ರಿ ಮುಗಿಸಿರಬೇಕಾದ ದಿನ ಬೇರೆ ಇತ್ತು, 2024ರ ಡಿಸೆಂಬರ್ 31. ಒಂದೇ ಅಧಿಸೂಚನೆಯೊಳಗೆ ವಯಸ್ಸಿಗೊಂದು ದಿನ, ವಿದ್ಯಾರ್ಹತೆಗೊಂದು ದಿನ. ಒಂದನ್ನು ಓದಿ ಎರಡಕ್ಕೂ ಅದೇ ಅಂದುಕೊಳ್ಳಬೇಡಿ.

ಲೆಕ್ಕದ ದಿನ ಹಿಂದೆಯೇ ಇರಬೇಕು ಅಂತೇನಿಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್‌ನ 2024ರ ಸಿಎಚ್‌ಎಸ್‌ಎಲ್ ಪರೀಕ್ಷೆಗೆ ಅರ್ಜಿ ಕರೆದದ್ದು ಏಪ್ರಿಲ್‌ನಲ್ಲಿ, ವಯಸ್ಸು 18ರಿಂದ 27, ಅದರ ಲೆಕ್ಕ ಆಗಸ್ಟ್ 1ಕ್ಕೆ. ಕೇಂದ್ರದ ಇಂಥ ನೇಮಕಾತಿಗಳಿಗೆ ಹಳೆಯ ಆದೇಶ ಒಂದಿದೆ. ಪರೀಕ್ಷೆ ವರ್ಷದ ಮೊದಲ ಅರ್ಧದಲ್ಲಿ ನಡೆದರೆ ಜನವರಿ 1, ಎರಡನೇ ಅರ್ಧದಲ್ಲಿ ನಡೆದರೆ ಆಗಸ್ಟ್ 1. ಹಾಗಾಗಿ 2006ರ ಜುಲೈ 20ರಂದು ಹುಟ್ಟಿದ ಪಿಯುಸಿ ಹುಡುಗ ಏಪ್ರಿಲ್‌ನಲ್ಲಿ 17ರವನಾಗಿದ್ದರೂ ವಯಸ್ಸಿನ ಮಟ್ಟಿಗೆ ಅರ್ಹ. 1997ರ ಜುಲೈ 20ರಂದು ಹುಟ್ಟಿದವನಿಗೆ ಏಪ್ರಿಲ್‌ನಲ್ಲಿ 26 ಅಷ್ಟೇ, ಆದರೆ ಆಗಸ್ಟ್ 1ರ ಹೊತ್ತಿಗೆ 27 ತುಂಬಿರುತ್ತದೆ. ಸಾಮಾನ್ಯ ವರ್ಗದವನಾದರೆ ಅವನಿಗೆ ಅವಕಾಶವಿಲ್ಲ.

ವಯಸ್ಸನ್ನು ವರ್ಷ, ತಿಂಗಳು, ದಿನ ಅಂತ ಎಣಿಸುತ್ತಾ ಕೂರಬೇಡಿ. ಲೆಕ್ಕದ ದಿನದಿಂದ ಕನಿಷ್ಠ ವಯಸ್ಸನ್ನು ಹಿಂದಕ್ಕೆ ಕಳೆಯಿರಿ, ಒಂದು ಹುಟ್ಟಿದ ದಿನ ಸಿಗುತ್ತದೆ. ಗರಿಷ್ಠ ವಯಸ್ಸನ್ನು ಕಳೆದು ಒಂದು ದಿನ ಸೇರಿಸಿ, ಇನ್ನೊಂದು ಸಿಗುತ್ತದೆ. ಸ್ಟೇಟ್ ಬ್ಯಾಂಕ್ ಅಧಿಸೂಚನೆಯಲ್ಲಿ ಅಚ್ಚಾಗಿದ್ದದ್ದೂ ಹೀಗೇ: 02.04.1996ಕ್ಕಿಂತ ಮೊದಲು ಹುಟ್ಟಿರಬಾರದು, 01.04.2004ರ ನಂತರ ಹುಟ್ಟಿರಬಾರದು, ಎರಡೂ ದಿನ ಸೇರಿ. ನಿಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜನ್ಮದಿನ ಈ ಎರಡರ ನಡುವೆ ಬಿದ್ದರೆ ಮುಗಿಯಿತು. ‘28 ಮೀರಿರಬಾರದು’ ಅಂದರೆ 28 ನಡೆಯುತ್ತಿದ್ದರೂ ಪರವಾಗಿಲ್ಲ, 29 ಆಗಬಾರದು ಅಷ್ಟೇ ಅಂತ ಕೆಲವರು ತಿಳಿದಿರುತ್ತಾರೆ. ಈ ಎರಡು ದಿನ ಬರೆದುಕೊಂಡರೆ ಆ ಗೊಂದಲವೂ ಹೋಗುತ್ತದೆ.

ಒಂದು ದಿನ ಯಾಕೆ ಸೇರಿಸಬೇಕು? 1996ರ ಏಪ್ರಿಲ್ 1ರಂದು ಹುಟ್ಟಿದವರಿಗೆ ಲೆಕ್ಕದ ದಿನದ ಹೊತ್ತಿಗೆ 28 ಪೂರ್ತಿ ತುಂಬಿರುತ್ತದೆ. ಏಪ್ರಿಲ್ 2ರವರಿಗೆ ಹುಟ್ಟುಹಬ್ಬ ನಾಳೆ. ನಮ್ಮ ನಿಮ್ಮ ಲೆಕ್ಕದಲ್ಲಿ ಇದು ಸರಳ. ಕಾನೂನು ಮಾತ್ರ ಇನ್ನೂ ಬಿಗಿಯಾಗಿ ಎಣಿಸಬಲ್ಲದು. ಹುಟ್ಟಿದ ದಿನವನ್ನೂ ಒಂದು ಪೂರ್ತಿ ದಿನ ಅಂತ ಎಣಿಸಿದರೆ ವರ್ಷ ತುಂಬುವುದು ಹುಟ್ಟುಹಬ್ಬದ ಹಿಂದಿನ ದಿನ. 1986ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನದ ಒಂದು ಪ್ರಕರಣದಲ್ಲಿ ಹೀಗೇ ತೀರ್ಮಾನಿಸಿತು. ಅಭ್ಯರ್ಥಿ ಹುಟ್ಟಿದ್ದು 1956ರ ಜನವರಿ 2. ನಿಯಮದ ಪ್ರಕಾರ 1984ರ ಜನವರಿ 1ಕ್ಕೆ 28 ತುಂಬಿರಬಾರದು. ಅವರಿಗೆ ಆ ದಿನವೇ 28 ತುಂಬಿತು ಎಂದು ಕೋರ್ಟ್ ಹೇಳಿತು, ಅವಕಾಶ ಹೋಯಿತು. ತಿಂಗಳ 1ನೇ ತಾರೀಕು ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುವುದನ್ನು ನೀವು ನೋಡಿರಬಹುದು. ಅದರ ಹಿಂದೆಯೂ ಇದೇ ಎಣಿಕೆ ಇದೆ. ಅಧಿಸೂಚನೆಯಲ್ಲಿ ಜನ್ಮದಿನಾಂಕಗಳನ್ನೇ ಅಚ್ಚು ಹಾಕಿದ್ದರೆ ಅದನ್ನು ನಂಬಿ. ಬರೀ ವಯಸ್ಸು ಬರೆದು ಬಿಟ್ಟಿದ್ದು, ನಿಮ್ಮ ಹುಟ್ಟುಹಬ್ಬ ಲೆಕ್ಕದ ದಿನದ ಮರುದಿನವೇ ಬರುತ್ತಿದ್ದರೆ ಮಾತ್ರ ಸಹಾಯವಾಣಿಗೆ ಇಮೇಲ್ ಹಾಕಿ ಉತ್ತರ ಇಟ್ಟುಕೊಳ್ಳಿ.

ಮೀಸಲಾತಿ ಸಡಿಲಿಕೆ ಇದ್ದರೆ ಹಳೆಯ ಜನ್ಮದಿನವನ್ನು ಮಾತ್ರ ಹಿಂದಕ್ಕೆ ಸರಿಸಿ. ಅದೇ ಸ್ಟೇಟ್ ಬ್ಯಾಂಕ್ ಲೆಕ್ಕದಲ್ಲಿ ಒಬಿಸಿಗೆ ಮೂರು ವರ್ಷ ಸೇರಿದರೆ 02.04.1993, ಎಸ್‌ಸಿ, ಎಸ್‌ಟಿಗೆ ಐದು ವರ್ಷ ಸೇರಿದರೆ 02.04.1991. ಕನಿಷ್ಠ ವಯಸ್ಸಿನ ಕಡೆ ಯಾರಿಗೂ ಏನೂ ಬದಲಾಗುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯೂ ನಮ್ಮ ರಾಜ್ಯದ 2ಎ, 3ಬಿ ಪಟ್ಟಿಯೂ ಒಂದೇ ಅಲ್ಲ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯಾ ನೋಡಿಕೊಂಡೇ ಆ ಮೂರು ವರ್ಷ ಸೇರಿಸಿ.

ಕರ್ನಾಟಕದ ನೇಮಕಾತಿಗಳಲ್ಲಿ ರೂಢಿ ಬೇರೆ. ಇಲ್ಲಿ ಸಾಮಾನ್ಯವಾಗಿ ‘ಅರ್ಜಿ ಸಲ್ಲಿಸಲು ನಿಗದಿಪಡಿಸಿದ ಕೊನೆಯ ದಿನಾಂಕಕ್ಕೆ’ ವಯಸ್ಸು ನೋಡುತ್ತಾರೆ. 1977ರ ಸಾಮಾನ್ಯ ನೇಮಕಾತಿ ನಿಯಮಗಳಲ್ಲಿ ಬಂದಿರುವ ಗರಿಷ್ಠ ಮಿತಿ ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿಗೆ 38, ಎಸ್‌ಸಿ, ಎಸ್‌ಟಿ, ಪ್ರವರ್ಗ 1ಕ್ಕೆ 40. ಸರ್ಕಾರ ನಡುನಡುವೆ ಒಂದು ಬಾರಿಯ ಸಡಿಲಿಕೆ ಕೊಡುವುದೂ ಉಂಟು, ಹುದ್ದೆಯಿಂದ ಹುದ್ದೆಗೆ ಮಿತಿ ಬದಲಾಗುವುದೂ ಉಂಟು. ಹಾಗಾಗಿ ಅಂಕಿಗಳನ್ನು ಆಯಾ ಅಧಿಸೂಚನೆಯಲ್ಲೇ ನೋಡಿ.

ಅಧಿಸೂಚನೆಯಲ್ಲಿ ಲೆಕ್ಕದ ದಿನವೇ ಇಲ್ಲದಿದ್ದರೆ? 2000ದಲ್ಲಿ ಪಂಜಾಬಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಕ್ರಮ ಹೇಳಿದೆ. ಮೊದಲು ನೇಮಕಾತಿ ನಿಯಮದಲ್ಲಿರುವ ದಿನ, ಅಲ್ಲಿಲ್ಲದಿದ್ದರೆ ಜಾಹೀರಾತಿನಲ್ಲಿರುವ ದಿನ, ಅದೂ ಇಲ್ಲದಿದ್ದರೆ ಅರ್ಜಿ ತಲುಪಬೇಕಾದ ಕೊನೆಯ ದಿನ.

ಕೊನೆಯ ದಿನವನ್ನು ಮುಂದೂಡಿದಾಗ ಫೋನ್‌ಗಳು ಜಾಸ್ತಿ ಬರುತ್ತವೆ. ಲೆಕ್ಕದ ದಿನ ಏಪ್ರಿಲ್ 1 ಅಥವಾ ಆಗಸ್ಟ್ 1 ಅಂತ ತಾರೀಕಾಗಿಯೇ ಇದ್ದರೆ, ಅರ್ಜಿಯ ಅವಧಿ ವಾರ ಹೆಚ್ಚಾದರೂ ತಿಂಗಳು ಹೆಚ್ಚಾದರೂ ಆ ತಾರೀಕು ಕದಲುವುದಿಲ್ಲ. ತಿದ್ದುಪಡಿ ಪ್ರಕಟಣೆಯಲ್ಲಿ ವಯಸ್ಸಿನ ಲೆಕ್ಕವೂ ಬದಲಾಗಿದೆ ಅಂತ ಬರೆದಿದ್ದರೆ ಮಾತ್ರ ಬದಲಾಗುತ್ತದೆ. ‘ಕೊನೆಯ ದಿನಾಂಕಕ್ಕೆ’ ಅಂತ ಇದ್ದಾಗ ಮಾತ್ರ ಪ್ರಶ್ನೆ ಏಳುತ್ತದೆ: ಹಳೆಯ ಕೊನೆಯ ದಿನವೋ, ಹೊಸದೋ? ಹೊಸ ದಿನ ಹಿಡಿದರೆ 18ಕ್ಕೆ ನಾಲ್ಕು ದಿನ ಕಡಿಮೆ ಇದ್ದವರಿಗೆ ಲಾಭ, 35ರ ಅಂಚಿನಲ್ಲಿದ್ದವರಿಗೆ ನಷ್ಟ. ತಿದ್ದುಪಡಿ ಪ್ರಕಟಣೆಯ ಪಿಡಿಎಫ್ ಇಳಿಸಿಕೊಂಡು ಪೂರ್ತಿ ಓದಿ, ವಾಟ್ಸಾಪ್‌ನಲ್ಲಿ ಬಂದ ಒಂದು ಸಾಲಿನ ಸುದ್ದಿ ಸಾಲದು. ಅದರಲ್ಲಿ ವಯಸ್ಸಿನ ಮಾತೇ ಇಲ್ಲದಿದ್ದರೆ ಎರಡೂ ದಿನಕ್ಕೆ ಲೆಕ್ಕ ಹಾಕಿ ನೋಡಿ. ಎರಡಕ್ಕೂ ನೀವು ಮಿತಿಯೊಳಗೇ ಇದ್ದರೆ ಚಿಂತೆ ಬೇಡ. ಒಂದಕ್ಕೆ ಒಳಗೆ, ಇನ್ನೊಂದಕ್ಕೆ ಹೊರಗೆ ಬಿದ್ದರೆ ನೇಮಕಾತಿ ಸಂಸ್ಥೆಗೆ ಕೂಡಲೇ ಲಿಖಿತವಾಗಿ ಕೇಳಿ, ಅರ್ಜಿಯನ್ನೂ ಹಾಕಿ. ಅರ್ಜಿಯ ಪ್ರಿಂಟ್ ಜೊತೆಗೆ ಮೂಲ ಅಧಿಸೂಚನೆ, ತಿದ್ದುಪಡಿ ಎರಡರ ಪ್ರತಿಯನ್ನೂ ಇಟ್ಟುಕೊಳ್ಳಿ. ಮುಂದೆ ದಾಖಲೆ ಪರಿಶೀಲನೆಯಲ್ಲಿ ತಕರಾರು ಬಂದರೆ ತೋರಿಸಬೇಕಾಗುವುದು ಅವನ್ನೇ.