ಸಾಲ ಮುಳುಗುವ ಮೊದಲೇ ಹಣ ಕೇಳುವ ಕರಾರು: ಸಿಡಿಎಸ್ ಹಿನ್ನೆಲೆ

ಯಾವುದಾದರೂ ದೊಡ್ಡ ಬ್ಯಾಂಕ್ ಅಲುಗಾಡುತ್ತಿದೆ ಅನ್ನುವ ಸುದ್ದಿ ಬಂದಾಗಲೆಲ್ಲ ಅದರ ಜೊತೆಗೇ "ಅದರ ಸಿಡಿಎಸ್ ಏರಿದೆ" ಅನ್ನುವ ಸಾಲೂ ಬರುತ್ತದೆ. ಓದುವವರಿಗೆ ಅರ್ಥವಾಗುವುದು ಇಷ್ಟೇ: ಏನೋ ಕೆಟ್ಟದ್ದು ಆಗುತ್ತಿದೆ. ಆದರೆ ಆ ಏರಿಕೆ ಬರೀ ಜ್ವರ ತೋರಿಸುವ ಥರ್ಮಾಮೀಟರಾ, ಇಲ್ಲ ಜ್ವರ ಹೆಚ್ಚಿಸುವುದೂ ಅದೇನಾ? ನನ್ನ ಮಟ್ಟಿಗೆ ಎರಡೂ ನಿಜ. ಯಾಕೆ ಅಂತ ತಿಳಿಯಬೇಕಾದರೆ ಈ ಕರಾರು ಹೇಗೆ ನಡೆಯುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ಸಿಡಿಎಸ್ ಅಂದರೆ ಕ್ರೆಡಿಟ್ ಡೀಫಾಲ್ಟ್ ಸ್ವಾಪ್. ಒಂದು ಕಂಪನಿಗೆ ನೀವು 1 ಕೋಟಿ ಡಾಲರ್ ಸಾಲ ಕೊಟ್ಟಿದ್ದೀರಿ ಅಂದುಕೊಳ್ಳಿ. ಅದು ತೀರಿಸದೇ ಹೋದರೆ ಏನು ಗತಿ ಅನ್ನುವ ಭಯ ನಿಮಗೆ. ಮೂರನೆಯವರೊಬ್ಬರ ಹತ್ತಿರ ಹೋಗಿ 5 ವರ್ಷದ ಕರಾರು ಮಾಡಿಕೊಳ್ಳುತ್ತೀರಿ. ವರ್ಷಕ್ಕೆ ಶೇ 1, ಅಂದರೆ 1 ಲಕ್ಷ ಡಾಲರ್ ಕಂತು ನೀವು ಕೊಡಬೇಕು. ಕಂಪನಿ ಸುಸ್ತಿಯಾದರೆ ನಿಮಗಾದ ನಷ್ಟವನ್ನು ಅವರು ತುಂಬಿಕೊಡಬೇಕು. ನೋಡಲು ಥೇಟ್ ವಿಮೆಯೇ. ಆದರೆ ಎರಡು ವ್ಯತ್ಯಾಸಗಳಿವೆ, ಮುಂದಿನ ಕತೆಯೆಲ್ಲ ಅವುಗಳಿಂದಲೇ ಹುಟ್ಟಿದ್ದು. ಒಂದು, ಇದನ್ನು ಕೊಳ್ಳಲು ನೀವು ಸಾಲ ಕೊಟ್ಟಿರಲೇಬೇಕು ಅಂತಿಲ್ಲ. ನಿಮ್ಮದಲ್ಲದ ಮನೆಗೆ ಬೆಂಕಿ ವಿಮೆ ಮಾಡಿಸಿದ ಹಾಗೆ, ಯಾರದೋ ಸಾಲದ ಮೇಲೆ ಕೊಳ್ಳಬಹುದು. ಇನ್ನೊಂದು, ವಿಮಾ ಕಂಪನಿ ಕಾನೂನಿನ ಪ್ರಕಾರ ತೆಗೆದಿಡಬೇಕಾದ ಮೀಸಲು ಹಣದ ನಿಯಮ ಇದನ್ನು ಮಾರುವವರಿಗೆ ಅನ್ವಯಿಸುತ್ತಿರಲಿಲ್ಲ.

ಮೊದಲ ವರ್ಷಗಳ ಕತೆ ಚಿಕ್ಕದು. 1989ರಲ್ಲಿ ಅಲಾಸ್ಕಾ ಕರಾವಳಿಯಲ್ಲಿ ಎಕ್ಸಾನ್ ಕಂಪನಿಯ ಹಡಗಿನಿಂದ ತೈಲ ಸೋರಿತು. ಭಾರೀ ದಂಡದ ಭಯದಲ್ಲಿ ಎಕ್ಸಾನ್ 480 ಕೋಟಿ ಡಾಲರ್ ಸಾಲದ ಸೌಲಭ್ಯ ಕೇಳಿತು. ಹಳೇ ಗಿರಾಕಿಗೆ ಇಲ್ಲ ಅನ್ನಲಾಗದ ಜೆಪಿ ಮಾರ್ಗನ್, ಸಾಲ ಮುಳುಗುವ ಅಪಾಯವನ್ನಷ್ಟೇ ಯುರೋಪಿನ ಪುನರ್ನಿರ್ಮಾಣ ಬ್ಯಾಂಕಿಗೆ ಕಂತು ಕೊಟ್ಟು ದಾಟಿಸಿತು. ಸಿಡಿಎಸ್ ಶುರುವಾಗಿದ್ದು ಹೀಗೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. 2000ದಲ್ಲಿ ನ್ಯೂಯಾರ್ಕ್‌ನ ವಿಮಾ ಇಲಾಖೆ, ಕೊಳ್ಳುವವರಿಗೆ ನಷ್ಟ ಆಗಿರಲೇಬೇಕು ಅನ್ನುವ ಷರತ್ತಿಲ್ಲದಿದ್ದರೆ ಇದು ವಿಮೆ ಅಲ್ಲ ಅಂದಿತು. ಅದೇ ವರ್ಷ ಅಮೆರಿಕದ ಸಂಸತ್ತು ಇಂಥ ಕರಾರುಗಳನ್ನು ಬಹುಮಟ್ಟಿಗೆ ನಿಯಂತ್ರಣದ ಹೊರಗಿಟ್ಟಿತು. 2007ರ ಕೊನೆಗೆ ಕರಾರುಗಳ ಮುಖಬೆಲೆ ಒಟ್ಟು ಸುಮಾರು 60 ಲಕ್ಷ ಕೋಟಿ ಡಾಲರ್ ಆಗಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. "ಸಿಡಿಎಸ್‌ನಿಂದ ನಷ್ಟ ಆಗುವುದು ಕಂಪನಿ ಮುಳುಗಿದಾಗ" ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಕಂಪನಿ ಮುಳುಗದಿದ್ದರೂ, ಮುಳುಗಬಹುದು ಅನ್ನುವ ಭಯ ಹೆಚ್ಚಾದರೆ ಸಾಕು, ಮಾರಿದವರ ಕೈಯಿಂದ ಹಣ ಹೋಗುತ್ತದೆ. ನಮ್ಮ 1 ಕೋಟಿ ಡಾಲರ್ ಕರಾರನ್ನೇ ನೋಡಿ. ಒಂದು ವರ್ಷ ಕಳೆಯಿತು, ಕಂಪನಿ ಬಗ್ಗೆ ಕೆಟ್ಟ ಮಾತು ಹಬ್ಬಿತು, ಅಂಥದೇ ಹೊಸ ಕರಾರಿಗೆ ಈಗ ವರ್ಷಕ್ಕೆ ಶೇ 5 ಕೇಳುತ್ತಿದ್ದಾರೆ. "ಸಿಡಿಎಸ್ ಏರಿದೆ" ಅನ್ನುವುದು ಇದನ್ನೇ. ನಿಮ್ಮ ಹತ್ತಿರ ಇರುವುದು ಶೇ 1ರ ಹಳೇ ಕರಾರು. ಬೇರೆಯವರು 5 ಲಕ್ಷ ಕೊಡುವ ಕಡೆ ನೀವು 1 ಲಕ್ಷ ಕೊಡುತ್ತಿದ್ದೀರಿ, ವರ್ಷಕ್ಕೆ 4 ಲಕ್ಷದ ಅನುಕೂಲ. ಉಳಿದ 4 ವರ್ಷಕ್ಕೆ 16 ಲಕ್ಷ. ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸಿ, ಮಧ್ಯದಲ್ಲೇ ಕಂಪನಿ ಮುಳುಗಿದರೆ ಕಂತು ನಿಂತುಹೋಗುತ್ತದೆ ಅನ್ನುವುದನ್ನೂ ಸೇರಿಸಿದರೆ ಸುಮಾರು 13 ಲಕ್ಷ. ನಿಮ್ಮ ಕರಾರಿಗೆ ಇವತ್ತು ಅಷ್ಟು ಬೆಲೆ. ಅಂದರೆ ಮಾರಿದವರು ಕಾಗದದ ಮೇಲೆ ನಿಮಗೆ 13 ಲಕ್ಷ ಬಾಕಿ. ಕರಾರಿನಲ್ಲಿ ಷರತ್ತಿದ್ದರೆ "ಆ ಹಣವನ್ನು ಈಗಲೇ ಭದ್ರತೆಯಾಗಿ ತಂದಿಡಿ" ಅಂತ ನೀವು ಕೇಳಬಹುದು. ಕಂಪನಿ ಇನ್ನೂ ಸಾಲದ ಒಂದು ಕಂತನ್ನೂ ತಪ್ಪಿಸಿಲ್ಲ, ಗಮನಿಸಿ. ಹೀಗೆ ಕೇಳುವುದನ್ನೇ ಕೊಲ್ಯಾಟರಲ್ ಕಾಲ್ ಅನ್ನುತ್ತಾರೆ.

ಈ ಒಂದು ಷರತ್ತು ಏನು ಮಾಡಬಲ್ಲದು ಅಂತ ತೋರಿಸಿದ್ದು ಎಐಜಿ. ಅದು ಅಮೆರಿಕದ ದೈತ್ಯ ವಿಮಾ ಸಂಸ್ಥೆ. ಅದರ ಒಂದು ಸಣ್ಣ ಅಂಗಸಂಸ್ಥೆ, ಮನೆಸಾಲಗಳನ್ನು ಕಲೆಹಾಕಿ ಮಾಡಿದ ಬಾಂಡ್‌ಗಳ ಮೇಲೆ ಸಿಡಿಎಸ್ ಮಾರುತ್ತಿತ್ತು. ಅದು ರಕ್ಷಣೆ ಕೊಡುತ್ತಿದ್ದದ್ದು ಅತಿ ಸುರಕ್ಷಿತ ಅನ್ನಿಸಿಕೊಂಡ ಮೇಲಿನ ಪದರಕ್ಕೆ ಮಾತ್ರ. ಕೆಳಗಿನ ಪದರಗಳೆಲ್ಲ ಕೊಚ್ಚಿಹೋದರೆ ಮಾತ್ರ ಇದಕ್ಕೆ ಪೆಟ್ಟು. 2006ರ ಹೊತ್ತಿಗೆ ಹೊಸದಾಗಿ ಮಾರುವುದನ್ನು ನಿಲ್ಲಿಸಿತ್ತು ಕೂಡ. ಆದರೆ ಅಷ್ಟರಲ್ಲಿ ಈ ಬಗೆಯದೇ ಸುಮಾರು 7,800 ಕೋಟಿ ಡಾಲರ್‌ನ ಕರಾರು ಕೈಯಲ್ಲಿತ್ತು. 2007ರ ಆಗಸ್ಟ್‌ನಲ್ಲಿ ಹೂಡಿಕೆದಾರರಿಗೆ ಅವರು ಹೇಳಿದ್ದು, ಈ ವ್ಯವಹಾರದಲ್ಲಿ ಒಂದು ಡಾಲರ್ ಕಳೆದುಕೊಳ್ಳುವ ಸನ್ನಿವೇಶವನ್ನು ಊಹಿಸುವುದೂ ಕಷ್ಟ ಅಂತ. ಅವರು ಸುಳ್ಳು ಹೇಳುತ್ತಿದ್ದರು ಅಂತ ನನಗನ್ನಿಸುವುದಿಲ್ಲ. ಅವರು ಲೆಕ್ಕ ಹಾಕಿದ್ದು ಕೊನೆಗೆ ಎಷ್ಟು ಸಾಲ ಮುಳುಗಬಹುದು ಅಂತ, ಮಧ್ಯದಲ್ಲಿ ಎಷ್ಟು ನಗದು ಬೇಕಾಗಬಹುದು ಅಂತ ಅಲ್ಲ.

ಆ ಮಾತಿಗೆ ಮೊದಲೇ, ಜುಲೈ ಕೊನೆಯಲ್ಲಿ, ಎಐಜಿಯಿಂದ ಸಿಡಿಎಸ್ ಕೊಂಡಿದ್ದ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕ್ 180 ಕೋಟಿ ಡಾಲರ್ ಭದ್ರತೆ ಕೇಳಿತ್ತು. ಎಐಜಿ ಒಪ್ಪಲಿಲ್ಲ. ಕೆಲವೇ ದಿನದಲ್ಲಿ ಬೇಡಿಕೆ 120 ಕೋಟಿಗೆ ಇಳಿಯಿತು. ಆಗಸ್ಟ್ 10ಕ್ಕೆ ಎಐಜಿ 45 ಕೋಟಿ ಕೊಟ್ಟಿತು, ಜಗಳ ಮುಂದುವರಿಯಿತು. 180, 120, 45. ಒಂದೇ ಕಾಗದದ ಬೆಲೆ ಬಗ್ಗೆ ಇಷ್ಟು ಅಂತರ ಹೇಗೆ ಅಂದರೆ, ಆ ಬಾಂಡ್‌ಗಳನ್ನು ಕೊಳ್ಳುವವರೂ ಇರಲಿಲ್ಲ ಮಾರುವವರೂ ಇರಲಿಲ್ಲ. ಪೇಟೆಯೇ ಇಲ್ಲದ ಕಡೆ ಬೆಲೆ ಅನ್ನುವುದು ಬರೀ ಅಂದಾಜು. ಆದರೆ ಆ ಅಂದಾಜಿಗೆ ಕೊಡಬೇಕಾದ್ದು ಮಾತ್ರ ನಿಜವಾದ ನಗದು.

ಇನ್ನೊಂದು ಷರತ್ತು ಇದಕ್ಕಿಂತ ಅಪಾಯಕಾರಿ. ಎಷ್ಟು ಭದ್ರತೆ ಇಡಬೇಕು ಅನ್ನುವುದು ಎಐಜಿಯ ರೇಟಿಂಗ್‌ಗೂ, ಅಂದರೆ ಅದರ ಸಾಲ ತೀರಿಸುವ ತಾಕತ್ತಿಗೆ ಸಿಕ್ಕ ದರ್ಜೆಗೂ, ಗಂಟುಬಿದ್ದಿತ್ತು. ರೇಟಿಂಗ್ ಇಳಿದರೆ ಜಾಸ್ತಿ ಹಣ ಇಡಬೇಕು. ಹಣ ಇಟ್ಟರೆ ಕೈ ಖಾಲಿಯಾಗುತ್ತದೆ, ಕೈ ಖಾಲಿಯಾದರೆ ರೇಟಿಂಗ್ ಮತ್ತೆ ಇಳಿಯುತ್ತದೆ. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಅದೇ ದಿನ ಮೂರು ದೊಡ್ಡ ರೇಟಿಂಗ್ ಸಂಸ್ಥೆಗಳೂ ಎಐಜಿಯ ರೇಟಿಂಗ್ ಇಳಿಸಿದವು. ಒಂದೇ ಏಟಿಗೆ ಇನ್ನೂ ಸಾವಿರ ಕೋಟಿ ಡಾಲರ್‌ಗೂ ಜಾಸ್ತಿ ಭದ್ರತೆ ಬೇಕಾಯಿತು. ಇನ್ನೊಂದು ಕಡೆ, ಅದು ಬಾಂಡ್‌ಗಳನ್ನು ಎರವಲು ಕೊಟ್ಟು ಪಡೆದಿದ್ದ ಹಣವನ್ನೂ ಜನ ವಾಪಸ್ ಕೇಳುತ್ತಿದ್ದರು. ಎಲ್ಲ ತಪ್ಪನ್ನೂ ಸಿಡಿಎಸ್ ಮೇಲೆ ಹೊರಿಸುವುದು ಸರಿಯಲ್ಲ, ಆದ್ದರಿಂದ ಇದನ್ನು ಹೇಳಲೇಬೇಕು. ಮರುದಿನ, ಸೆಪ್ಟೆಂಬರ್ 16ರಂದು, ಅಮೆರಿಕದ ಫೆಡರಲ್ ರಿಸರ್ವ್ 8,500 ಕೋಟಿ ಡಾಲರ್ ಸಾಲ ಕೊಡಬೇಕಾಯಿತು.

ನಂತರ ನಡೆದದ್ದು ನನ್ನನ್ನು ಇವತ್ತಿಗೂ ಕಾಡುತ್ತದೆ. ಎಐಜಿ ರಕ್ಷಣೆ ಕೊಟ್ಟಿದ್ದ ಬಾಂಡ್‌ಗಳಲ್ಲಿ ಸುಮಾರು 6,200 ಕೋಟಿ ಮುಖಬೆಲೆಯವನ್ನು ಫೆಡ್ ನೆರವಿನ ಒಂದು ಸಂಸ್ಥೆ ಕೊಂಡು, ಅವುಗಳ ಮೇಲಿದ್ದ ಸಿಡಿಎಸ್‌ಗಳನ್ನು ರದ್ದು ಮಾಡಿಸಿತು. 2012ರ ಹೊತ್ತಿಗೆ ಆ ಬಾಂಡ್‌ಗಳನ್ನೆಲ್ಲ ಮಾರಿ ಮುಗಿಸಿದಾಗ ಫೆಡ್‌ಗೆ ಸುಮಾರು 660 ಕೋಟಿ ಡಾಲರ್ ಲಾಭ ಬಂತು. ಸರ್ಕಾರದ ಬೆಂಬಲ, ಇಳಿದ ಬಡ್ಡಿ ಇವೆಲ್ಲ ಅದಕ್ಕೆ ಕಾರಣ, ಸುಮ್ನೆ ಬಿಟ್ಟಿದ್ದರೂ ಹಾಗೇ ಆಗುತ್ತಿತ್ತು ಅಂತ ಹೇಳಲಾಗದು. ಆದರೂ ಕಾಯುವ ತಾಕತ್ತು ಇದ್ದವರಿಗೆ ಅದೇ ಕಾಗದ ಹಣ ತಂದಿತು, ಇಲ್ಲದವರನ್ನು ಮುಗಿಸಿತು.

ಭಯ ಹಬ್ಬುವ ಇನ್ನೊಂದು ದಾರಿಯೂ ಆ ವಾರಗಳಲ್ಲೇ ಕಂಡಿತು. ಲೇಮನ್ ಸಾಲದ ಮೇಲೆ ಯಾರು ಎಷ್ಟು ಸಿಡಿಎಸ್ ಮಾರಿದ್ದಾರೆ ಅನ್ನುವುದು ಹೊರಗಿನವರಿಗೆ ಗೊತ್ತಿರಲಿಲ್ಲ. 40,000 ಕೋಟಿ ಡಾಲರ್ ಅಂತ ಮಾತು ಹಬ್ಬಿತು. ಯಾರ ಹತ್ತಿರ ಬಾಂಬ್ ಇದೆ ಅಂತ ಗೊತ್ತಿಲ್ಲದಾಗ ಎಲ್ಲರೂ ಎಲ್ಲರಿಂದ ದೂರ ಸರಿಯುತ್ತಾರೆ, ಅಲ್ವಾ? ಬ್ಯಾಂಕುಗಳು ಒಂದಕ್ಕೊಂದು ಸಾಲ ಕೊಡಲು ಹಿಂದೇಟು ಹಾಕಿದವು. ಅಕ್ಟೋಬರ್ 10ರಂದು ಹರಾಜು ನಡೆದು ಲೇಮನ್ ಬಾಂಡ್‌ನ 100 ಡಾಲರ್‌ಗೆ 8.625 ಡಾಲರ್ ಬೆಲೆ ನಿಂತಿತು. ಅಂದರೆ ಸಿಡಿಎಸ್ ಮಾರಿದವರು 91.375 ಡಾಲರ್ ಕೊಡಬೇಕು. ಆದರೆ ಕೇಂದ್ರ ದಾಖಲೆಯಲ್ಲಿದ್ದ ಒಟ್ಟು ಕರಾರು 7,200 ಕೋಟಿ ಮಾತ್ರ. ಕೊನೆಗೆ ಕೈ ಬದಲಾಯಿಸಿದ್ದು ಬರೀ 520 ಕೋಟಿ ಡಾಲರ್.

ಇಷ್ಟು ಕಮ್ಮಿಯಾಗಿದ್ದು ಯಾಕೆ? ನಡುವೆ ಇರುವ ವ್ಯಾಪಾರಿ ಒಂದು ಕೈಯಲ್ಲಿ ಮಾರಿ ಇನ್ನೊಂದು ಕೈಯಲ್ಲಿ ಅಷ್ಟೇ ಕೊಂಡಿರುತ್ತಾನೆ. ಕೊಡಬೇಕಾದ್ದು, ಬರಬೇಕಾದ್ದು ಎರಡನ್ನೂ ಕಳೆದರೆ ಉಳಿಯುವುದು ಸ್ವಲ್ಪವೇ. ಹಾಗಾದರೆ ಭಯವೆಲ್ಲ ಸುಳ್ಳಾ? ಪೂರ್ತಿ ಅಲ್ಲ. ಆ ಕಳೆಯುವ ಲೆಕ್ಕ ಸರಿಹೋಗುವುದು ಸರಪಳಿಯ ಎಲ್ಲ ಕೊಂಡಿಗಳೂ ಉಳಿದರೆ ಮಾತ್ರ. ನಡುವಿನವನೊಬ್ಬ ಮುಳುಗಿದರೆ ಅವನಿಂದ ಕೊಂಡವರ ರಕ್ಷಣೆ ಹೋಯಿತು, ಅವರು ಕೊಡಬೇಕಾದ್ದು ಹಾಗೇ ಉಳಿಯಿತು. ಎಐಜಿಯದು ಇನ್ನೂ ಕಷ್ಟದ ಸ್ಥಿತಿ, ಅದು ಬಹುಪಾಲು ಮಾರಿತ್ತಷ್ಟೇ, ತಾನು ಕೊಂಡಿರಲಿಲ್ಲ.

ಆಮೇಲೆ ನಿಯಮಗಳು ಬಂದವು. 2009ರಲ್ಲಿ ಕರಾರುಗಳನ್ನು ಒಂದೇ ಅಚ್ಚಿಗೆ ತಂದರು. 2010ರ ಅಮೆರಿಕದ ಕಾನೂನಿನಿಂದಾಗಿ, ಹಲವು ಕಂಪನಿಗಳನ್ನು ಒಟ್ಟು ಸೇರಿಸಿದ ಸೂಚ್ಯಂಕದ ಸಿಡಿಎಸ್‌ಗಳು 2013ರಿಂದ ನಡುವೆ ನಿಲ್ಲುವ ಕ್ಲಿಯರಿಂಗ್ ಸಂಸ್ಥೆಯ ಮೂಲಕ ಸಾಗತೊಡಗಿದವು. ಕೈಯಲ್ಲಿ ಸಾಲಪತ್ರ ಇಲ್ಲದೆ ದೇಶಗಳ ಸಾಲದ ಮೇಲೆ ಸಿಡಿಎಸ್ ಕೊಳ್ಳುವುದನ್ನು ಯುರೋಪಿಯನ್ ಒಕ್ಕೂಟ 2012ರ ನವೆಂಬರ್‌ನಿಂದ ನಿಷೇಧಿಸಿತು. ಒಟ್ಟು ಮುಖಬೆಲೆ ಈಗ 10 ಲಕ್ಷ ಕೋಟಿ ಡಾಲರ್‌ನ ಆಸುಪಾಸಿಗೆ ಇಳಿದಿದೆ.

ಪೇಟೆ ಚಿಕ್ಕದಾದರೆ ಅಪಾಯವೂ ಚಿಕ್ಕದಾಗಬೇಕಿತ್ತು. ಒಂದು ಲೆಕ್ಕದಲ್ಲಿ ಆಗಿದೆ. ಆದರೆ ಒಂದೊಂದೇ ಕಂಪನಿಯ ಮೇಲಿನ ಸಿಡಿಎಸ್ ವ್ಯವಹಾರ ಎಷ್ಟು ತೆಳುವಾಗಿದೆ ಅಂದರೆ ಸ್ವಲ್ಪ ಹಣಕ್ಕೂ ದರ ಜಿಗಿಯುತ್ತದೆ. 2023ರ ಮಾರ್ಚ್ 19ರಂದು, ಕುಸಿಯುತ್ತಿದ್ದ ಸ್ವಿಟ್ಜರ್‌ಲೆಂಡಿನ ಕ್ರೆಡಿಟ್ ಸ್ವಿಸ್ ಬ್ಯಾಂಕನ್ನು ಅಲ್ಲಿನದೇ ಯುಬಿಎಸ್ ಬ್ಯಾಂಕ್ ಕೊಳ್ಳುವುದು ತೀರ್ಮಾನವಾಯಿತು. ಐದು ದಿನದ ನಂತರ, ಶುಕ್ರವಾರ, ಜರ್ಮನಿಯ ಡಾಯ್ಚ ಬ್ಯಾಂಕಿನ ಸಿಡಿಎಸ್ 200 ಬೇಸಿಸ್ ಪಾಯಿಂಟ್, ಅಂದರೆ ಶೇ 2 ದಾಟಿತು. ಸುದ್ದಿ ಪರದೆಗಳಲ್ಲಿ ಅದೇ ಅಂಕಿ ಓಡಿತು, ಷೇರು ಒಂದು ಹಂತದಲ್ಲಿ ಶೇ 14ರಷ್ಟು ಕುಸಿಯಿತು. ಬ್ಯಾಂಕ್ ಆಗ ಲಾಭದಲ್ಲೇ ಇತ್ತು. ಡಾಯ್ಚ ಜೊತೆ ವ್ಯವಹಾರ ಇಟ್ಟುಕೊಂಡ ಬೇರೆ ಸಂಸ್ಥೆಗಳು ಇಂಥ ಹೊತ್ತಲ್ಲಿ ತಮ್ಮ ರಕ್ಷಣೆಗೆ ಸಿಡಿಎಸ್ ಕೊಳ್ಳುವುದು ಸಹಜ. ಆದರೆ ಅವರು ಕೊಂಡಷ್ಟೂ ದರ ಏರುತ್ತದೆ, ದರ ಏರಿದಷ್ಟೂ ಉಳಿದವರು "ಅವರಿಗೇನೋ ಗೊತ್ತಿದೆ" ಅಂದುಕೊಳ್ಳುತ್ತಾರೆ. ಕೆಲವು ದಿನಗಳ ನಂತರ ಯುರೋಪಿನ ಬ್ಯಾಂಕ್ ಮೇಲ್ವಿಚಾರಣೆಯ ಮುಖ್ಯಸ್ಥ ಆಂಡ್ರಿಯಾ ಎನ್ರಿಯಾ, ಈ ಪೇಟೆ ಬಹಳ ಅಪಾರದರ್ಶಕ, ಆಳವಿಲ್ಲದ್ದು, ಕೆಲವೇ ಮಿಲಿಯನ್ ಯೂರೋ ಸಾಕು, ಲಕ್ಷ ಕೋಟಿ ಯೂರೋ ಆಸ್ತಿಯ ಬ್ಯಾಂಕಿನ ಸಿಡಿಎಸ್ ಅಲುಗಾಡುತ್ತದೆ ಅನ್ನುವ ಅರ್ಥದ ಮಾತು ಹೇಳಿದರು. ಆ ಶುಕ್ರವಾರದ ಜಿಗಿತಕ್ಕೆ ಸುಮಾರು 50 ಲಕ್ಷ ಯೂರೋದ ಒಂದೇ ಒಂದು ವ್ಯವಹಾರ ಕಾರಣ ಇರಬಹುದು ಅನ್ನುವ ಶಂಕೆ ಮೇಲ್ವಿಚಾರಕರಿಗಿತ್ತು ಅಂತ ವರದಿಗಳು ಬಂದವು.

ಹಾಗಾಗಿ ಮುಂದಿನ ಸಲ "ಸಿಡಿಎಸ್ ಏರಿದೆ" ಅಂತ ಓದಿದಾಗ ನಾನು ನೋಡುವುದು ಎರಡು ವಿಷಯ: ಆ ದಿನ ನಿಜವಾಗಿ ಎಷ್ಟು ಕರಾರು ಕೈ ಬದಲಾಯಿಸಿತು, ಮತ್ತೆ ಅದೇ ಬ್ಯಾಂಕಿನ ಬಾಂಡ್‌ಗಳ ಬೆಲೆಯೂ ಅಷ್ಟೇ ಕುಸಿದಿದೆಯಾ. ಬಾಂಡ್ ಮಾರುವವರು ತಣ್ಣಗಿದ್ದು ಸಿಡಿಎಸ್ ಒಂದೇ ಕುಣಿಯುತ್ತಿದ್ದರೆ, ಆ ಅಂಕಿಯ ಹಿಂದೆ ಇಬ್ಬರು ಮೂವರು ಕೊಂಡವರಷ್ಟೇ ಇರುವ ಸಾಧ್ಯತೆ ಜಾಸ್ತಿ.