ಅಸಿಟಾಮಿನೋಫೆನ್ ಅಂದರೆ ನಮ್ಮ ಪ್ಯಾರಾಸಿಟಮಾಲೇ?

ಪ್ರಶ್ನೆ: ಅಮೆರಿಕದಲ್ಲಿರುವ ಮಗನ ಮನೆಗೆ ಹೊರಟಿದ್ದೇವೆ. ಅಲ್ಲಿ ಜ್ವರಕ್ಕೆ ಅಸಿಟಾಮಿನೋಫೆನ್ ಕೊಡುತ್ತಾರಂತೆ. ಅದು ನಮ್ಮ ಪ್ಯಾರಾಸಿಟಮಾಲ್‌ಗಿಂತ ಬೇರೆಯೇ? ಒಂದರಿಂದ ಜ್ವರ ಇಳಿಯದಿದ್ದರೆ ಇನ್ನೊಂದನ್ನು ನುಂಗಬಹುದೇ?

ಉತ್ತರ: ಎರಡೂ ಒಂದೇ ಔಷಧಿ, ಎಳ್ಳಷ್ಟೂ ವ್ಯತ್ಯಾಸವಿಲ್ಲ. ಹಾಗಾಗಿ ಒಂದರ ಮೇಲೊಂದು ನುಂಗಲೇಬಾರದು.

ಇದರ ರಾಸಾಯನಿಕ ಹೆಸರು ಪ್ಯಾರಾ-ಅಸಿಟೈಲ್-ಅಮಿನೋ-ಫಿನಾಲ್. ಅಷ್ಟುದ್ದದ ಹೆಸರನ್ನು ಮೊಟಕು ಮಾಡುವಾಗ ಬ್ರಿಟನ್ನಿನವರು ಮೊದಲ ‘ಪ್ಯಾರಾ’ವನ್ನೂ ಕೊನೆಯ ‘ಆಲ್’ ಅನ್ನೂ ಉಳಿಸಿಕೊಂಡು ಪ್ಯಾರಾಸಿಟಮಾಲ್ ಎಂದರು. ಅಮೆರಿಕದವರು ‘ಪ್ಯಾರಾ’ ಬಿಟ್ಟು, ನಡುವಿನ ಭಾಗದಿಂದ ಅಸಿಟಾಮಿನೋಫೆನ್ ಮಾಡಿಕೊಂಡರು. ಇದೇ ಔಷಧಿ ಅಲ್ಲಿ 1955ರಲ್ಲಿ ಟೈಲೆನಾಲ್, ಬ್ರಿಟನ್ನಿನಲ್ಲಿ 1956ರಲ್ಲಿ ಪ್ಯಾನಡಾಲ್ ಎಂಬ ಬ್ರ್ಯಾಂಡ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಟೈಲೆನಾಲ್ ಎಂಬ ಹೆಸರೂ ಅದೇ ಉದ್ದನೆಯ ಹೆಸರಿನ ತುಣುಕುಗಳಿಂದಲೇ ಆದದ್ದು. ವಿಶ್ವ ಆರೋಗ್ಯ ಸಂಸ್ಥೆ ಪ್ಯಾರಾಸಿಟಮಾಲ್ ಅನ್ನು ಅಂತರರಾಷ್ಟ್ರೀಯ ಹೆಸರಾಗಿ ಒಪ್ಪಿತು. ಭಾರತದಲ್ಲೂ ಅದೇ ನಿಂತಿತು. ಔಷಧಿಗಳಿಗೆ ಹೆಸರಿಡಲು ತನ್ನದೇ ವ್ಯವಸ್ಥೆಯಿರುವ ಅಮೆರಿಕ ತನ್ನ ಹೆಸರನ್ನು ಬಿಡಲಿಲ್ಲ. ಕೆನಡಾ, ಜಪಾನ್‌ಗಳಲ್ಲೂ ಅದೇ ಹೆಸರು. ಅಮೆರಿಕದ ಕೆಲವು ಚೀಟಿಗಳಲ್ಲಿ ಬರೀ ‘ಎಪಿಎಪಿ’ ಎಂದಿರುತ್ತದೆ, ಅದೂ ಇದೇ.

ಎಡವಟ್ಟಾಗುವುದು ಹೀಗೆ. ಊರಿನಿಂದ ಒಯ್ದ 650 ಮಿ.ಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಸಲ ನುಂಗಿದರೆ 1950 ಮಿ.ಗ್ರಾಂ. ಮೈಕೈ ನೋವು ಹೋಗಲಿಲ್ಲವೆಂದು ಅಲ್ಲಿನ 500ರ ಮಾತ್ರೆ ಎರಡೆರಡರಂತೆ ಮೂರು ಸಲ ನುಂಗಿದರೆ ಇನ್ನೂ 3000. ರಾತ್ರಿ ನೆಗಡಿಗೆಂದು ತೆಗೆದುಕೊಂಡ ಎರಡು ಕ್ಯಾಪ್ಸೂಲ್‌ಗಳಲ್ಲಿ ಇದೇ ಔಷಧಿ 325ರಂತೆ ಮತ್ತೆ 650. ಒಟ್ಟು 5600. ಆರೋಗ್ಯವಂತ ವಯಸ್ಕರಿಗೂ 24 ಗಂಟೆಗೆ ಎಲ್ಲ ಸೇರಿ 4000 ದಾಟಬಾರದು. ಮದ್ಯಪಾನ ಮಾಡುವವರು, ಯಕೃತ್ತಿನ ಕಾಯಿಲೆ ಇರುವವರು, ತೀರಾ ಸಣಕಲು ಮೈಯವರು ಇನ್ನೂ ಕಡಿಮೆಗೆ ನಿಲ್ಲಿಸಬೇಕು. ಎಷ್ಟೆಂದು ವೈದ್ಯರನ್ನೇ ಕೇಳಿ.

ಈ ಔಷಧಿಯ ಸ್ವಲ್ಪ ಪಾಲು ಯಕೃತ್ತಿನಲ್ಲಿ ವಿಷವಾಗಿ ಬದಲಾಗುತ್ತದೆ. ಅದನ್ನು ಅಲ್ಲೇ ಇರುವ ಗ್ಲುಟಾಥಯೋನ್ ಎಂಬ ವಸ್ತು ಶಮನ ಮಾಡುತ್ತದೆ. ಪ್ರಮಾಣ ಮೀರಿದರೆ ಆ ದಾಸ್ತಾನು ಮುಗಿದು ಯಕೃತ್ತಿನ ಜೀವಕೋಶಗಳು ಸಾಯತೊಡಗುತ್ತವೆ. ಮೊದಲ ದಿನ ಬರೀ ವಾಕರಿಕೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಹಾನಿ ಎದ್ದು ಕಾಣುವುದು ಎರಡು-ಮೂರು ದಿನದ ಮೇಲೆ. ಪ್ರತಿವಿಷವಾದ ಅಸಿಟೈಲ್‌ಸಿಸ್ಟೀನ್ ಚೆನ್ನಾಗಿ ಕೆಲಸ ಮಾಡುವುದು ಮೊದಲ 8 ಗಂಟೆಯೊಳಗೆ ಕೊಟ್ಟಾಗ. ಆದ್ದರಿಂದ ಲೆಕ್ಕ ತಪ್ಪಿತೆಂದು ಗೊತ್ತಾದ ಕೂಡಲೇ, ಆರಾಮಾಗಿದ್ದರೂ ಆಸ್ಪತ್ರೆಗೆ ಹೊರಡಿ. ಅಮೆರಿಕದಲ್ಲಿ ವಿಷ ಸಲಹಾ ಕೇಂದ್ರದ ಸಂಖ್ಯೆ 1-800-222-1222.

ಮೊಮ್ಮಕ್ಕಳ ಸಿರಪ್ ವಿಷಯದಲ್ಲಿ ಇನ್ನೂ ಹುಷಾರು. ಅಲ್ಲಿನ 5 ಮಿ.ಲೀ.ನಲ್ಲಿ 160 ಮಿ.ಗ್ರಾಂ ಇದ್ದರೆ, ನಮ್ಮ ಬಾಟಲಿಯಲ್ಲಿ 120 ಇರಬಹುದು, 250ಯೂ ಇರಬಹುದು. ಅಲ್ಲಿನ ವೈದ್ಯರು ಹೇಳಿದ 5 ಮಿ.ಲೀ.ಯನ್ನು ನಮ್ಮ 250ರ ಬಾಟಲಿಯಿಂದ ಅಳೆದರೆ ಮಗುವಿಗೆ ಒಂದೂವರೆ ಪಟ್ಟು ಹೋಗುತ್ತದೆ. ಮಗುವಿನ ತೂಕಕ್ಕೆ ಎಷ್ಟು ಮಿ.ಗ್ರಾಂ ಎಂದು ಕೇಳಿಕೊಂಡು, ಕೈಯಲ್ಲಿರುವ ಬಾಟಲಿಯ ಲೇಬಲ್ ನೋಡಿಯೇ ಅಳೆಯಿರಿ.