ಗೇಜ್ ಕಪ್ಪಗಾಯ್ತು ಅಂತ ಆಯಿಲ್ ಚೇಂಜ್ ಮಾಡಿಸ್ಬೇಡಿ

ಡೀಸಲ್ ಗಾಡಿ ಸರ್ವಿಸ್ ಮಾಡಿ ಕಳ್ಸಿದ ನಾಲ್ಕೇ ದಿನಕ್ಕೆ ಫೋನ್ ಬರುತ್ತೆ. "ಹೊಸ ಆಯಿಲ್ ಹಾಕಿದೀನಿ ಅಂದ್ರಲ್ಲ ಸಾರ್, ಗೇಜ್ ಕಡ್ಡಿ ಎಳೆದ್ರೆ ಪೂರ್ತಿ ಕಪ್ಪಗಿದೆ, ಹಳೇದನ್ನೇ ಬಿಟ್ಟಿದೀರಾ?" ಪಾಪ ಅವರ ತಪ್ಪಲ್ಲ, ಪೆಟ್ರೋಲ್ ಗಾಡೀಲಿ ತಿಂಗಳುಗಟ್ಲೆ ಜೇನಿನ ಬಣ್ಣ ನೋಡಿರ್ತಾರೆ. ಆದ್ರೆ ಕೆಲವರು ನನ್ನ ಮಾತು ನಂಬದೆ ಬೇರೆ ಗ್ಯಾರೇಜಿಗೆ ಹೋಗಿ 300 ಕಿಲೋಮೀಟರ್ ಓಡಿದ ಆಯಿಲ್ ಚೆಲ್ಲಿಸಿ ಮತ್ತೆ ಹಾಕಿಸ್ತಾರಲ್ಲ, ಅದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಡೀಸಲ್ ಎಂಜಿನ್ನಲ್ಲಿ ಗಾಳಿನ ಒತ್ತಿ ಕಾಯಿಸಿ ಅದರೊಳಕ್ಕೆ ಡೀಸಲ್ ಸ್ಪ್ರೇ ಮಾಡ್ತಾರೆ. ಎಲ್ಲಾ ಕಡೆ ಸಮವಾಗಿ ಬೆರೆಯೋಕೆ ಟೈಮ್ ಇರಲ್ಲ, ಗಾಳಿ ಸಾಲದ ಜಾಗದಲ್ಲಿ ಮಸಿ ಹುಟ್ಟುತ್ತೆ, ಹೆಚ್ಚಿನದು ಅಲ್ಲೇ ಸುಟ್ಟು ಅಥವಾ ಸೈಲೆನ್ಸರ್ ಕಡೆ ಹೋದ್ರೂ ಸ್ವಲ್ಪ ಸಿಲಿಂಡರ್ ಗೋಡೆ ಮೇಲಿನ ಆಯಿಲ್‌ಗೆ ಅಂಟಿ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತೆ. ಸುಟ್ಟ ಹೊಗೇಲಿ ಸ್ವಲ್ಪ ವಾಪಸ್ ಎಂಜಿನ್ನಿಗೇ ಕಳ್ಸೋ ಇಜಿಆರ್ ಇರೋ ಗಾಡೀಲಿ ಸಾಮಾನ್ಯವಾಗಿ ಇನ್ನೂ ಜಾಸ್ತಿ. ಈ ಮಸಿ ಕಣ ಎಷ್ಟು ಸಣ್ಣದು ಅಂದ್ರೆ ಆಯಿಲ್ ಫಿಲ್ಟರ್‌ನಲ್ಲಿ ನಿಲ್ಲೋದೇ ಇಲ್ಲ. ಅದಕ್ಕೇ ಆಯಿಲ್‌ನಲ್ಲಿ ಡಿಸ್ಪರ್ಸೆಂಟ್ ಅನ್ನೋ ಅಂಶ ಸೇರಿಸಿರ್ತಾರೆ, ಅದು ಒಂದೊಂದು ಕಣವನ್ನೂ ಬಿಡಿಬಿಡಿಯಾಗಿ ತೇಲಿಸಿ ಇಟ್ಕೊಳ್ಳುತ್ತೆ, ಗಂಟು ಕಟ್ಟೋಕೆ, ಒಳಗೆ ಜಿಡ್ಡಾಗಿ ಕೂರೋಕೆ ಬಿಡಲ್ಲ. ಅಂದ್ರೆ ನಿಮ್ಮ ಆಯಿಲ್ ಕಪ್ಪಗಿದೆ ಅಂದ್ರೆ ಅದು ಕೆಲಸ ಮಾಡ್ತಿದೆ ಅಂತ. ಸಾವಿರಾರು ಕಿಲೋಮೀಟರ್ ಓಡಿದ ಹಳೇ ಡೀಸಲ್ ಎಂಜಿನ್ನಲ್ಲಿ ಆಯಿಲ್ ತಿಳಿಯಾಗೇ ಇದ್ರೆ ನನಗೆ ಅನುಮಾನ ಬರೋದು, ಮಸಿ ಎಲ್ಲಿ ಕೂತಿದೆ ಅಂತ.

ಮೊದಲ ದಿನವೇ ಯಾಕೆ ಕಪ್ಪು ಅನ್ನೋದಕ್ಕೆ ಒಂದು ಅಂದಾಜು ಲೆಕ್ಕ ಹೇಳ್ತೀನಿ. 5 ಲೀಟರ್ ಹಿಡಿಯೋ ಎಂಜಿನ್ ಅಂದ್ಕೊಳ್ಳಿ. ಡ್ರೈನ್ ನಟ್ ಬಿಚ್ಚಿ ಎಷ್ಟು ಹೊತ್ತು ಬಿಟ್ರೂ ಆಯಿಲ್ ಕೂಲರ್, ಟರ್ಬೊ, ಒಳಗಿನ ದಾರಿಗಳಲ್ಲಿ ಒಂದು 400 ಎಂಎಲ್ ಹಳೇದು ಉಳಿದೇ ಉಳಿಯುತ್ತೆ. ಅದರಲ್ಲಿ ಶೇಕಡಾ 2 ಮಸಿ ಇತ್ತು ಅಂದ್ರೆ 8 ಎಂಎಲ್‌ನಷ್ಟು ಆಯ್ತು, ಹೊಸ ಆಯಿಲ್ ಸುರಿದು ಸೆಲ್ಫ್ ಹೊಡೆದ ಕೂಡ್ಲೇ ಅದು 5 ಲೀಟರಿಗೂ ಹರಡಿ ಶೇಕಡಾ 0.16 ಆಗುತ್ತೆ. ಬಣ್ಣ ಕೆಡಿಸೋಕೆ ಅಷ್ಟು ಸಾಕು. ಅಲ್ಲಿಂದಾಚೆ 500 ಕಿಲೋಮೀಟರ್ ಓಡಿದ್ದೂ 9,000 ಓಡಿದ್ದೂ ಬೆರಳಿಗೆ ಹಚ್ಕೊಂಡ್ರೆ ಕಣ್ಣಿಗೆ ಒಂದೇ ಕಪ್ಪು. ಹಂಗಾಗಿ ಬಣ್ಣ ನೋಡಿ ಏನನ್ನ ತೀರ್ಮಾನ ಮಾಡ್ತೀರಿ ಹೇಳಿ?

ಬಣ್ಣ ನೋಡ್ತಾ ಕೂತವರು ನೋಡಬೇಕಾದ್ದನ್ನ ಬಿಟ್ಟುಬಿಡ್ತಾರೆ, ನನ್ನ ಬೇಜಾರು ಅದೇ. ನಮ್ಮಲ್ಲಿಗೆ ಬರೋ ರಿಟೈರ್ಡ್ ಮೇಷ್ಟ್ರೊಬ್ಬರದ್ದು ಬಿಎಸ್6 ಡೀಸಲ್ ಕಾರು, ದಿನಾ ಮಾರ್ಕೆಟ್ಟಿಗೆ ಮೂರು ಕಿಲೋಮೀಟರ್ ಹೋಗೋದು ಬರೋದು, ಅಷ್ಟೇ. "ಆಯಿಲ್ ಕಪ್ಪಾಗಿದೆ ಕಣಪ್ಪ, ಆದ್ರೆ ಒಂದು ಹನೀನೂ ಕುಡ್ದಿಲ್ಲ, ನೋಡು ಲೆವೆಲ್ ಏರಿದೆ" ಅಂತ ಖುಷಿಯಾಗಿ ಗೇಜ್ ತೋರಿಸಿದ್ರು. ಸರ್ವಿಸಲ್ಲಿ ಮ್ಯಾಕ್ಸ್ ಗೆರೆಗಿಂತ ಚೂರು ಕೆಳಗೆ ಬಿಟ್ಟಿದ್ದು ಈಗ ಗೆರೆ ದಾಟಿ ಅರ್ಧ ಬೆರಳು ಮೇಲಿತ್ತು. ಮೂಸಿದ್ರೆ ಡೀಸಲ್ ವಾಸನೆ, ಬೆರಳ ಮಧ್ಯೆ ಉಜ್ಜಿದ್ರೆ ತೆಳ್ಳಗೆ ಜಾರುತ್ತೆ. ಇಂಥಾ ಗಾಡೀಲಿ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಡಿಪಿಎಫ್‌ನಲ್ಲಿ ತುಂಬಿದ ಮಸಿ ಸುಡೋಕೆ ಎಂಜಿನ್ ಕಂಪ್ಯೂಟರ್ ಇಸಿಎಂ ಜಾಸ್ತಿ ಡೀಸಲ್ ಬಿಡುತ್ತೆ, ಅದು ಮುಗಿಯೋಕೆ ಮುಂಚೆ ಪದೇಪದೇ ಎಂಜಿನ್ ಆಫ್ ಮಾಡಿದ್ರೆ ಪಾಪ ಅದು ಮತ್ತೆ ಮತ್ತೆ ಶುರು ಮಾಡುತ್ತೆ, ಸುಡದೆ ಉಳಿದ ಡೀಸಲ್ ಗೋಡೆ ಮೇಲಿಂದ ಇಳಿದು ಆಯಿಲ್ ಜೊತೆ ಸೇರುತ್ತೆ. ತೆಳ್ಳಗಾದ ಆಯಿಲ್ ಬೇರಿಂಗಿಗೂ ಟರ್ಬೊಗೂ ಒಳ್ಳೇದಲ್ಲ. 4,000 ಕಿಲೋಮೀಟರ್ ಆಗಿದ್ರೂ ಅವತ್ತೇ ತೆಗೆದು ಬುಕ್ಕಲ್ಲಿ ಹೇಳಿದ ಗ್ರೇಡಿನ ಡಿಪಿಎಫ್ ಆಯಿಲನ್ನೇ ಹಾಕಿದ್ವಿ, ಇಂಜೆಕ್ಟರ್ ಲೀಕ್ ಇಲ್ಲ ಅಂತ ಚೆಕ್ ಮಾಡಿ, ವಾರಕ್ಕೊಂದ್ಸಲ ಹೈವೇಲಿ ಇಪ್ಪತ್ತೈದು ನಿಮಿಷ ನಿಲ್ಲಿಸದೆ ಓಡ್ಸಿ ಮೇಷ್ಟ್ರೇ ಅಂದೆ. ಆಮೇಲೆ ಲೆವೆಲ್ ಏರಿಲ್ಲ.

ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ಕೂಲಂಟ್ ಸೇರಿರಬಹುದು, ಬಣ್ಣ ನೋಡಿ ಗಾಡಿ ನಿಲ್ಲಿಸೋದು ಅಂದ್ರೆ ಇದೊಂದೇ ಕೇಸು. ಬಟ್ಟೆಗೆ ಒರೆಸಿದಾಗ ಮಿನುಗೋ ಪುಡಿ ಕಂಡ್ರೂ ಮೆಕ್ಯಾನಿಕ್ ಹತ್ರ ಹೋಗಿ. ಮನೇಲೇ ನೋಡ್ಬೇಕು ಅಂದ್ರೆ ಬಿಸಿ ಆಯಿಲ್‌ನ ಒಂದು ಹನಿ ಬ್ಲಾಟಿಂಗ್ ಪೇಪರ್ ಮೇಲೆ ಬಿಟ್ಟು ರಾತ್ರಿ ಇಡಿ, ಕಪ್ಪು ಅಂಚಿನವರೆಗೂ ಸಮವಾಗಿ ಹರಡಿದ್ರೆ ಡಿಸ್ಪರ್ಸೆಂಟ್ ಇನ್ನೂ ಇದೆ, ನಡುವೆ ದಪ್ಪ ಚುಕ್ಕೆಯಾಗಿ ನಿಂತು ಸುತ್ತ ಬರೀ ಜಿಡ್ಡು ಹರಡಿದ್ರೆ ಮುಗೀತಾ ಬಂದಿದೆ. ಇದು ಅಂದಾಜು ಅಷ್ಟೇ, ಲ್ಯಾಬ್ ರಿಪೋರ್ಟ್ ಅಲ್ಲ. ಮಿಕ್ಕಿದ್ದೆಲ್ಲಾ ಬುಕ್ಕಲ್ಲಿ ಬರೆದ ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲು ಬರುತ್ತೋ ಅದು. ಮಣ್ಣು ರೋಡು, ಓವರ್‌ಲೋಡು, ಗಂಟೆಗಟ್ಲೆ ಐಡಲಿಂಗ್ ಇದ್ರೆ ಅದೇ ಬುಕ್ಕಲ್ಲಿ ಕಷ್ಟದ ಬಳಕೆಗೆ ಅಂತ ಕಡಿಮೆ ಅಂತರ ಬೇರೆ ಕೊಟ್ಟಿರ್ತಾರೆ, ಆ ಪೇಜ್ ತೆಗೆದು ನೋಡಿ.